ಆಲೆಮನೆ ಕೇಸಿಗೆ ಟೀಚಿಂಗ್ ನೋಟ್ ಬರೆದಾಗ

ಮಂಡ್ಯದ ಆಲೆಮನೆಯೊಂದರ ಬಗ್ಗೆ ಚರ್ಚೆಗೆಂದು ನಾನು ಬರೆದ ಕೇಸನ್ನು ಎಂ.ಬಿ.ಎ. ತರಗತಿಯಲ್ಲಿ ಮೊದಲ ಸಲ ನಡೆಸಿದಾಗ, ಬೆಲ್ಲದ ಬಣ್ಣ ತಿಳಿಯಾಗಲೆಂದು ಹಾಕುವ ಹೈಡ್ರೋಸ್ ಎಂಬ ರಾಸಾಯನಿಕ ಎಷ್ಟು ಕೆಟ್ಟದ್ದು ಎಂಬ ವಾದದಲ್ಲೇ ಅವಧಿ ಮುಗಿದುಹೋಯಿತು. ತಪ್ಪು ವಿದ್ಯಾರ್ಥಿಗಳದ್ದಲ್ಲ. ಕೇಸನ್ನು ಹೇಗೆ ಪಾಠ ಮಾಡಬೇಕೆಂದು ಶಿಕ್ಷಕರಿಗಾಗಿ ಬರೆಯುವ ಟೀಚಿಂಗ್ ನೋಟ್‌ನಲ್ಲಿ ನಾನು ಕೊಟ್ಟಿದ್ದ ಉದ್ದೇಶ ‘ರಾಸಾಯನಿಕಮುಕ್ತ ಬೆಲ್ಲದ ಮಾರುಕಟ್ಟೆಯನ್ನು ಅರ್ಥಮಾಡಿಕೊಳ್ಳುವುದು’ ಎಂದಿತ್ತು; ಅರ್ಥವಾಯಿತೋ ಇಲ್ಲವೋ ಎಂದು ಅಳೆಯುವ ದಾರಿ ಅದರಲ್ಲಿರಲಿಲ್ಲ.

ಕೇಸಿನ ಲೆಕ್ಕ ಹೀಗಿದೆ (ಅಂಕಿಗಳನ್ನು ತರಗತಿಗಾಗಿ ಸರಳಗೊಳಿಸಿದ್ದೇನೆ). ವಾರಕ್ಕೆ 6,000 ಕಿಲೋ ಬೆಲ್ಲ ತಯಾರಾಗುತ್ತದೆ. ಕಿಲೋಗೆ 38 ರೂಪಾಯಿ ಖರ್ಚು, ಹರಾಜಿನಲ್ಲಿ 42 ಸಿಗುತ್ತದೆ. ವಾರದ ಲಾಭ 24,000. ಹೈಡ್ರೋಸ್ ಬಿಟ್ಟು ಬೆಂಡೆಯ ಲೋಳೆಯಿಂದ ಕಬ್ಬಿನ ಹಾಲು ತಿಳಿಗೊಳಿಸಿದರೆ ಖರ್ಚು 41ಕ್ಕೆ ಏರುತ್ತದೆ. ಬೆಂಗಳೂರಿನ ಅಂಗಡಿಯೊಂದು 60 ಕೊಡಲು ಸಿದ್ಧವಿದೆ, ಆದರೆ ವಾರಕ್ಕೆ 300 ಕಿಲೋ ಮಾತ್ರ. ಮಿಕ್ಕದ್ದು ಹರಾಜಿಗೇ ಹೋಗಬೇಕು, ಅಲ್ಲಿ ಬಣ್ಣ ಕಪ್ಪಾಯಿತೆಂದು 36ಕ್ಕೆ ಇಳಿಯುತ್ತದೆ.

ಹೊಸ ಉದ್ದೇಶ ಇಷ್ಟೇ: ಅಂಗಡಿ ವಾರಕ್ಕೆ ಎಷ್ಟು ಕಿಲೋ ಕೊಂಡರೆ ಪೂರ್ತಿ ಬದಲಾದರೂ ಈಗಿನ 24,000 ಲಾಭ ಗಿಟ್ಟುತ್ತದೆ ಎಂದು ವಿದ್ಯಾರ್ಥಿ ಲೆಕ್ಕ ಹಾಕಿ ತೋರಿಸಬೇಕು. ಉತ್ತರ 2,250 ಕಿಲೋ.

ಇದನ್ನು ಬರೆದಿಟ್ಟ ಮೇಲೆ ಪ್ರಶ್ನೆಗಳು ತಾವಾಗಿ ಸಾಲಾಗಿ ಬಂದವು. ‘ರಾಸಾಯನಿಕ ಬಿಡಬೇಕೇ?’ ಎಂಬ ಹಳೆಯ ಮೊದಲ ಪ್ರಶ್ನೆಗೆ ಎಲ್ಲರೂ ಹೌದೆಂದು ತಲೆಯಾಡಿಸುತ್ತಿದ್ದರು. ಈಗ ‘ಸೋಮವಾರ ಕೊಪ್ಪರಿಗೆ ಏರಿಸುವಾಗ ನೀವು ಯಾವ ಬೆಲ್ಲ ಮಾಡುತ್ತೀರಿ, ಎಷ್ಟು?’ ಎಂದು ಕೇಳಿ ಕೈ ಎತ್ತಿಸುತ್ತೇನೆ. ಯಾರಾದರೊಬ್ಬರು 60ರಲ್ಲಿ 41 ಕಳೆದು, 6,000ದಿಂದ ಗುಣಿಸಿ, 1,14,000 ಲಾಭವೆಂದು ಹೇಳಿಯೇ ಹೇಳುತ್ತಾರೆ. ನನ್ನ ಅನಿಸಿಕೆಯಲ್ಲಿ ಟೀಚಿಂಗ್ ನೋಟ್‌ನ ಜೀವ ಇರುವುದು ಈ ತಪ್ಪು ಉತ್ತರದಲ್ಲಿ. ಅದನ್ನು ಅಂಕಿಸಮೇತ ದಾಖಲಿಸಿ, ‘ಮಿಕ್ಕ 5,700 ಕಿಲೋ ಯಾರು ಕೊಳ್ಳುತ್ತಾರೆ?’ ಎಂಬ ಮುಂದಿನ ಪ್ರಶ್ನೆಯನ್ನು ಅದರ ಕೆಳಗೇ ಬರೆದಿದ್ದೇನೆ. ಆಗ ಲಾಭವೆಂದದ್ದು 22,800 ರೂಪಾಯಿ ನಷ್ಟವಾಗಿ ತಿರುಗುತ್ತದೆ.

ಬೋರ್ಡ್ ಪ್ಲ್ಯಾನ್‌ನಲ್ಲೂ ಪಾಠ ಕಲಿತೆ. ಮೊದಲ ಸಲ ಜಾಗ ಸಾಲದೆ ಲೆಕ್ಕವನ್ನು ಅಳಿಸಿದ್ದರಿಂದ ಕೊನೆಯಲ್ಲಿ ಹೋಲಿಸಲು ಏನೂ ಉಳಿದಿರಲಿಲ್ಲ. ಈಗ ಎಡಗಡೆ ಕೈ ಎತ್ತಿದವರ ಸಂಖ್ಯೆ ಮತ್ತು ಅವರು ಕೊಟ್ಟ ಕಾರಣ. ಆರೋಗ್ಯದ ಮಾತಿಗೂ ಅಲ್ಲೇ ಒಂದು ಮೂಲೆ. ಅತಿ ಅಗಲವಾದ ನಡುಭಾಗ ಲೆಕ್ಕಕ್ಕೆ ಮೀಸಲು: ತಪ್ಪು ಲೆಕ್ಕ, ಪೂರ್ತಿ ಬದಲಾವಣೆ, 300 ಕಿಲೋ ಮಾತ್ರ ಬದಲಾವಣೆ, ಮೂರೂ ಅಕ್ಕಪಕ್ಕದಲ್ಲಿ ಇರುತ್ತವೆ, ಯಾವುದನ್ನೂ ಅಳಿಸುವುದಿಲ್ಲ. ಮೂರನೆಯದರಲ್ಲಿ ಲಾಭ 28,500 ಆಗುತ್ತದೆ. ಬಲಗಡೆ ಷರತ್ತುಗಳು. ಅಂಗಡಿ ಹಣ ಕೊಡುವುದು 45 ದಿನಗಳ ನಂತರ ಎಂಬ ಸಾಲನ್ನು ಕೇಸಿನ ಅನುಬಂಧದಲ್ಲಿ ಬೇಕೆಂದೇ ಅಡಗಿಸಿದ್ದೇನೆ. ಅದನ್ನು ಯಾರಾದರೂ ಕಂಡುಹಿಡಿದು ಹೇಳುವವರೆಗೆ ಆ ಭಾಗದ ಮೊದಲ ಸಾಲು ಖಾಲಿಯೇ ಇರುತ್ತದೆ.