ನೀವು ಯಾವ ಜನ?

ಹೋದ ತಿಂಗಳು ಅಮೆರಿಕದಿಂದ ತಂಗಿ ಫೋನ್ ಮಾಡಿದ್ದಳು. ಮಗನನ್ನು ಶಾಲೆಗೆ ಸೇರಿಸುವ ಫಾರ್ಮ್ ಮುಂದಿಟ್ಟುಕೊಂಡು ಕೂತಿದ್ದಳು.

"ಅಣ್ಣಾ, ಇಲ್ಲಿ ರೇಸ್ ಅಂತ ಕೇಳಿದಾರೆ. ಏನು ಹಾಕ್ಲಿ?"

"ಇಂಡಿಯನ್ ಅಂತ ಹಾಕು. ಅದರಲ್ಲೇನಿದೆ?"

"ಅಮೆರಿಕನ್ ಇಂಡಿಯನ್ ಅಂತ ಇದೆ. ಪುಟ್ಟ ಹುಟ್ಟಿದ್ದು ಇಲ್ಲೇ ಅಲ್ವಾ, ಅದನ್ನೇ ಟಿಕ್ ಮಾಡ್ಲಾ?"

ಸದ್ಯ, ಮಾಡಲಿಲ್ಲ. ಅಲ್ಲಿ ಅಮೆರಿಕನ್ ಇಂಡಿಯನ್ ಅಂದರೆ ನವಾಹೊ, ಚೆರೋಕಿ ಮುಂತಾದವರು, ಕೊಲಂಬಸ್ ಹೋಗುವುದಕ್ಕೆ ಎಷ್ಟೋ ಮೊದಲಿನಿಂದ ಆ ನೆಲದಲ್ಲಿದ್ದವರು. ನಮ್ಮ ಹುಡುಗ ಟಿಕ್ ಮಾಡಬೇಕಾದದ್ದು ಏಷ್ಯನ್ ಅನ್ನುವ ಚೌಕ. ಎಥ್ನಿಸಿಟಿ ಅಂತ ಬೇರೆ ಪ್ರಶ್ನೆಯೂ ಇತ್ತು. ಅದಕ್ಕೆ ಎರಡೇ ಉತ್ತರ: ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು, ಹೌದು, ಇಲ್ಲವೇ ಅಲ್ಲ. "ಹಾಗಾದ್ರೆ ಕನ್ನಡದವರು ಅಂತ ಎಲ್ಲಿ ಬರೆಯೋದು?" ಎಂದಳು. ಎಲ್ಲೂ ಇಲ್ಲ, ಪಾಪ.

ನಮಗೆ ಈ ಗೊಂದಲ ಆಗಲು ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ರೇಸ್ ಎಂಬುದಕ್ಕೆ ಪುಸ್ತಕದಲ್ಲಿ 'ಜನಾಂಗ' ಅಂತ ಬರೆಯುತ್ತೇವೆ. ಎಥ್ನಿಸಿಟಿಗೂ ಅದನ್ನೇ ಎಳೆದು 'ಜನಾಂಗೀಯತೆ' ಅನ್ನುತ್ತೇವೆ. ಊರಿನಲ್ಲಿ ಯಾರಾದರೂ "ನಮ್ಮ ಜನಾಂಗದವರು" ಅಂದರೆ ಅದು ಜಾತಿ. "ನೀವು ಯಾವ ಜನ?" ಅಂತ ಬಸ್ಸಿನಲ್ಲಿ ಪಕ್ಕದವರು ಕೇಳಿದರೆ ಅವರಿಗೆ ಬೇಕಾದದ್ದು ಏನು ಅಂತ ನಮಗೆಲ್ಲ ಗೊತ್ತು. ಹಾಗಾಗಿ ಇಲ್ಲಿ ರೇಸ್, ಎಥ್ನಿಸಿಟಿ, ನ್ಯಾಷನಾಲಿಟಿ ಅನ್ನುವ ಮೂರು ಇಂಗ್ಲಿಷ್ ಪದಗಳನ್ನೇ ಇಟ್ಟುಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನ್ಯಾಷನಾಲಿಟಿ ಮೂರರಲ್ಲಿ ಸುಲಭದ್ದು. ಯಾವ ದೇಶದ ಕಾನೂನು ನಿಮ್ಮನ್ನು ತನ್ನ ಪ್ರಜೆ ಅನ್ನುತ್ತದೋ ಅದು. ಪುಟ್ಟನ ಅಪ್ಪ ಅಮ್ಮ ಇಬ್ಬರದೂ ಇಂದಿಗೂ ಭಾರತದ ಪಾಸ್‌ಪೋರ್ಟ್. ಅವನು ಅಲ್ಲಿ ಹುಟ್ಟಿದ್ದರಿಂದ ಅಮೆರಿಕನ್. ಮುಂದೆ ಅವನಿಗೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ಮಾಡಿಸಿದರೂ ಅವನು ಭಾರತೀಯ ಪ್ರಜೆ ಆಗುವುದಿಲ್ಲ. ಆ ಕಾರ್ಡಿನ ಹೆಸರಿನಲ್ಲಿ 'ಸಿಟಿಜನ್' ಅಂತ ಇದೆ ಅಷ್ಟೇ, ಅದರಿಂದ ಇಲ್ಲಿ ಓಟು ಹಾಕಲು ಬರುವುದಿಲ್ಲ.

ಎಥ್ನಿಸಿಟಿ ಅಂದರೆ ಮನೆಯಿಂದ ಬಂದದ್ದು. ಆಡುವ ಮಾತು, ಮಾಡುವ ಹಬ್ಬ, ನಮ್ಮ ಹಿರಿಯರು ಇಂಥವರು ಅಂತ ಹೇಳಿಕೊಳ್ಳುವ ಕಥೆ. ಪುಟ್ಟ ನಿದ್ದೆಗಣ್ಣಿನಲ್ಲಿ "ಅಮ್ಮ, ನೀರು" ಅನ್ನುತ್ತಾನಲ್ಲ, ಅಲ್ಲಿದೆ ಅದು. ಪಾಸ್‌ಪೋರ್ಟ್ ಬದಲಾದ ದಿನ ಇದು ಬದಲಾಗುವುದಿಲ್ಲ. ಎರಡು ಮೂರು ತಲೆಮಾರಿನಲ್ಲಿ ಮೆಲ್ಲಗೆ ಬದಲಾಗಬಹುದು.

ರೇಸ್ ಅಂದರೆ ಬೇರೆಯವರು ನಿಮ್ಮ ಮೈಬಣ್ಣ, ಕೂದಲು, ಮೂಗು ನೋಡಿ ನಿಮ್ಮನ್ನು ಹಾಕುವ ಗುಂಪು. ಮೂರರಲ್ಲಿ ಇದೇ ಗಟ್ಟಿಯಾದದ್ದು, ಹುಟ್ಟಿನಿಂದಲೇ ಬಂದದ್ದು ಅಂತ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಜಾಸ್ತಿ ಅಲುಗಾಡುವುದೇ ಇದು. ಮೈಬಣ್ಣ ಹುಟ್ಟಿನಿಂದ ಬಂದದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಯಾವ ಬಣ್ಣದವರು ಯಾವ ಗುಂಪು, ಒಟ್ಟು ಎಷ್ಟು ಗುಂಪು ಅನ್ನುವುದನ್ನು ಮನುಷ್ಯರು ಕೂತು ತೀರ್ಮಾನ ಮಾಡಿದ್ದು.

ಮೂರೂ ಬೇರೆ ಬೇರೆ ಅಂತ ನೋಡಲು ಯಲ್ಲಾಪುರ, ಹಳಿಯಾಳದ ಕಡೆ ಹೋದರೆ ಸಾಕು. ಅಲ್ಲಿನ ಸಿದ್ದಿಗಳ ಹಿರಿಯರಲ್ಲಿ ಎಷ್ಟೋ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ಗುಂಗುರು ಕೂದಲು ನೋಡಿ ಪೇಟೆಯವರು "ಯಾವ ದೇಶ?" ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವರು ಕನ್ನಡದಲ್ಲೋ ಕೊಂಕಣಿಯಲ್ಲೋ ಉತ್ತರ ಕೊಡುತ್ತಾರೆ. ಕೇಳಿದವರು ನೋಡಿದ್ದು ರೇಸ್, ಕೇಳಿದ್ದು ನ್ಯಾಷನಾಲಿಟಿ. ಸಿದ್ದಿಗಳು ತಲೆತಲಾಂತರದಿಂದ ಇಲ್ಲಿಯವರು.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಕಥೆಗೆ ಬರುತ್ತೇನೆ. ಭಗತ್ ಸಿಂಗ್ ಥಿಂಡ್ ಪಂಜಾಬಿನ ಸಿಖ್. 1913ರಲ್ಲಿ ಅಮೆರಿಕಕ್ಕೆ ಹೋದರು, ಒರೆಗಾನ್ ರಾಜ್ಯದ ಮರದ ಮಿಲ್ಲಿನಲ್ಲಿ ದುಡಿದರು. ಮೊದಲ ಮಹಾಯುದ್ಧದ ಕೊನೆಗೆ ಪೇಟ ಕಟ್ಟಿಕೊಂಡೇ ಅಮೆರಿಕದ ಸೈನ್ಯ ಸೇರಿದರು. 1918ರಲ್ಲಿ ಅವರಿಗೆ ಪೌರತ್ವ ಸಿಕ್ಕಿತು, ನಾಲ್ಕೇ ದಿನಕ್ಕೆ ಕಿತ್ತುಕೊಂಡರು. ಮತ್ತೆ ಅರ್ಜಿ ಹಾಕಿದರು, 1920ರಲ್ಲಿ ಮತ್ತೆ ಸಿಕ್ಕಿತು. ಸರ್ಕಾರ ಬಿಡಲಿಲ್ಲ, ಸುಪ್ರೀಂ ಕೋರ್ಟ್‌ವರೆಗೂ ಎಳೆಯಿತು.

ಕಾರಣ, 1790ರ ಕಾನೂನು. ಹೊರಗಿನಿಂದ ಬಂದವರಲ್ಲಿ 'ಬಿಳಿಯರು' ಮಾತ್ರ ಪೌರರಾಗಬಹುದು ಅಂತ ಅದರಲ್ಲಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರ ಮಾತೇ ಇರಲಿಲ್ಲ. ಅಂದರೆ ನ್ಯಾಷನಾಲಿಟಿಯ ಬಾಗಿಲಿಗೆ ರೇಸ್ ಕಾವಲು ಕೂತಿತ್ತು.

ಹಾಗಾದರೆ ಬಿಳಿಯ ಅಂದರೆ ಯಾರು? 1922ರ ನವೆಂಬರಿನಲ್ಲಿ ಇದೇ ಕೋರ್ಟಿಗೆ ತಕಾವೊ ಒಜಾವಾ ಎಂಬ ಜಪಾನಿ ಬಂದಿದ್ದರು. ಇಪ್ಪತ್ತು ವರ್ಷ ಅಲ್ಲಿ ಬದುಕಿದವರು. ನಮ್ಮ ಮೈಯೂ ಬಿಳಿಯೇ ಅಂತ ವಾದ ಮಾಡಿದರು. ಕೋರ್ಟು ಒಪ್ಪಲಿಲ್ಲ. ಮೈಬಣ್ಣ ಲೆಕ್ಕಕ್ಕಿಲ್ಲ, ಬಿಳಿಯ ಅಂದರೆ ಆಗಿನ ರೇಸ್ ಶಾಸ್ತ್ರದ ಪುಸ್ತಕಗಳು 'ಕಕೇಶಿಯನ್' ಅನ್ನುತ್ತಿದ್ದ ರೇಸಿನವನು ಎಂದಿತು.

ಥಿಂಡ್ ಕಡೆಯವರಿಗೆ ಇದು ಕೇಳಿ ಖುಷಿಯಾಗಿರಬೇಕು. ಆಗಿನ ಪಂಡಿತರ ಪುಸ್ತಕಗಳಲ್ಲಿ ಉತ್ತರ ಭಾರತದವರನ್ನು ಕಕೇಶಿಯನ್ ಅಂತಲೇ ಬರೆದಿದ್ದರು. ಇವರು ಅದನ್ನೇ ಮುಂದಿಟ್ಟರು. ಜೊತೆಗೆ, ನಾವು ಮೇಲ್ಜಾತಿಯವರು, ಕೆಳಗಿನವರ ಜೊತೆ ಮದುವೆ ಸಂಬಂಧ ಮಾಡುವುದಿಲ್ಲ, ನಮ್ಮ ರಕ್ತ ಬೆರಕೆಯಾಗಿಲ್ಲ ಎಂದೂ ವಾದ ಮಾಡಿದರು. ಇದನ್ನು ಓದುವಾಗ ನನಗೆ ತಲೆ ತಗ್ಗಿಸುವಂತಾಯಿತು. ಬಸ್ಸಿನ 'ಯಾವ ಜನ' ಅಮೆರಿಕದ ಕೋರ್ಟಿಗೂ ಹೋಗಿ ನಿಂತಿತ್ತು ನೋಡಿ.

1923ರ ಫೆಬ್ರವರಿ 19ರಂದು ತೀರ್ಪು ಬಂತು. ಬರೆದದ್ದು ಒಜಾವಾ ತೀರ್ಪು ಬರೆದ ಅದೇ ನ್ಯಾಯಮೂರ್ತಿ, ಜಾರ್ಜ್ ಸದರ್ಲೆಂಡ್. ಪಂಡಿತರು ಏನಾದರೂ ಹೇಳಲಿ, ಸಾಮಾನ್ಯ ಮನುಷ್ಯ 'ಬಿಳಿಯ' ಅಂದಾಗ ಇವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಇವರು ಬಿಳಿಯರಲ್ಲ ಎಂದರು. ಮೂರು ತಿಂಗಳ ಹಿಂದೆ ನೋಟ ಬೇಡ, ಶಾಸ್ತ್ರ ಬೇಕು. ಈಗ ಶಾಸ್ತ್ರ ಬೇಡ, ನೋಟ ಸಾಕು! ತೀರ್ಪಿನಲ್ಲಿ ಸಿಖ್ಖರಾದ ಥಿಂಡ್ ಅವರನ್ನು ಕರೆದದ್ದೂ 'ಮೇಲ್ಜಾತಿಯ ಹಿಂದೂ' ಅಂತ. ಆಗ ಅಲ್ಲಿ ಹಿಂದೂ ಅಂದರೆ ಧರ್ಮವಲ್ಲ, ಭಾರತದಿಂದ ಬಂದ ಯಾರಾದರೂ ಸರಿ. 1920ರಿಂದ 1940ರವರೆಗೆ ಅವರ ಜನಗಣತಿಯಲ್ಲಿ 'ಹಿಂದೂ' ಒಂದು ರೇಸ್ ಆಗಿತ್ತು. ಪಂಜಾಬಿನ ಮುಸ್ಲಿಮನೂ ಅದೇ ಕಾಲಂ.

ತೀರ್ಪಿನ ಬಿಸಿ ಥಿಂಡ್ ಒಬ್ಬರಿಗೇ ತಟ್ಟಲಿಲ್ಲ. ಮೊದಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವವೂ ಹೋಯಿತು. ಅವರಲ್ಲೊಬ್ಬರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯಿ. ಅಮೆರಿಕನ್ ಆಗಲು ಬ್ರಿಟಿಷ್ ಪ್ರಜೆತನ ಬಿಟ್ಟಿದ್ದವರು. ಈಗ ಯಾವ ದೇಶದವರೂ ಅಲ್ಲ. 1928ರಲ್ಲಿ ತಾವಾಗಿಯೇ ಜೀವ ತೆಗೆದುಕೊಂಡರು. ಅವರ ರೂಪ ಬದಲಾಗಿರಲಿಲ್ಲ, ಮನೆ ಮಾತು ಬದಲಾಗಿರಲಿಲ್ಲ. ಬದಲಾದದ್ದು ಒಂದು ಪದದ ಅರ್ಥ.

ಥಿಂಡ್ ಅವರಿಗೆ ಕೊನೆಗೂ 1936ರಲ್ಲಿ ಪೌರತ್ವ ಸಿಕ್ಕಿತು. ಬಿಳಿಯ ಅಂತಲ್ಲ, ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದವರಿಗೆ ಹಿಂದಿನ ವರ್ಷ ಮಾಡಿದ ಕಾನೂನಿನಿಂದ. ಉಳಿದ ಭಾರತೀಯರು 1946ರವರೆಗೆ ಕಾಯಬೇಕಾಯಿತು.

ತಂಗಿಗೆ ಇಷ್ಟೂ ಹೇಳಿದೆ. "ಹಾಗಾದ್ರೆ ಪುಟ್ಟ ಏಷ್ಯನ್ ಅನ್ನೋದಾದ್ರೂ ಗ್ಯಾರಂಟಿನಾ?" ಎಂದಳು. ಸದ್ಯಕ್ಕೆ ಹೌದು ಅಂದೆ. ಜನಗಣತಿಯಲ್ಲಿ 'ಏಷ್ಯನ್ ಇಂಡಿಯನ್' ಅನ್ನುವ ಚೌಕ ಬಂದದ್ದೇ 1980ರಲ್ಲಿ. ಅದಕ್ಕೂ ಹಿಂದಿನ 1970ರ ಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದ್ದರು. ಥಿಂಡ್ ತೀರಿಕೊಂಡದ್ದು 1967ರಲ್ಲಿ. ಇನ್ನು ಮೂರು ವರ್ಷ ಇದ್ದಿದ್ದರೆ ಸರ್ಕಾರವೇ ಅವರನ್ನು ಬಿಳಿಯ ಅಂತ ಬರೆದುಕೊಳ್ಳುತ್ತಿತ್ತು.