ವಾರದ ಪೇಔಟ್‌ನಲ್ಲಿ ಕಾಣದ ಖಾಲಿ ಕಿಲೋಮೀಟರ್‌ಗಳು

ಮಡಿಕೇರಿಯಲ್ಲಿ ಫುಡ್ ಡೆಲಿವರಿ ಮಾಡುವ ನಮ್ಮ ಹುಡುಗರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ನಾನೂ ಇದೇ ಕೆಲಸ ಮಾಡುವವನು. ಆ್ಯಪ್ ತೋರಿಸುವ ವಾರದ ಮೊತ್ತ ನಿಮ್ಮ ಸಂಪಾದನೆ ಅಲ್ಲ. ಅದರಲ್ಲಿ ಅರ್ಧದ ಹತ್ತಿರ ಪೆಟ್ರೋಲ್ ಬಂಕಿಗೂ ಗ್ಯಾರೇಜಿಗೂ ಹೋಗುತ್ತದೆ. ಹಾಗೆ ಹೋಗುವುದರಲ್ಲಿ ದೊಡ್ಡ ಪಾಲು ಆರ್ಡರ್ ಕೊಟ್ಟು ಖಾಲಿ ವಾಪಸ್ ಬರುವ ದಾರಿಯದು.

ನಮ್ಮ ಜೊತೆ ಓಡಿಸುವ ಒಬ್ಬ ಹುಡುಗ ಮೊನ್ನೆ ಖುಷಿಯಿಂದ, "ಅಣ್ಣಾ, ಈ ವಾರ ನಾಲ್ಕು ಸಾವಿರ ದಾಟಿತು" ಅಂದ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆರು ದಿನಕ್ಕೆ 84 ಆರ್ಡರ್. ಒಂದಕ್ಕೆ ಸರಾಸರಿ 38 ರೂಪಾಯಿಯಂತೆ 3,192. ಮಧ್ಯಾಹ್ನ, ರಾತ್ರಿಯ ಪೀಕ್ ಅವರ್‌ನಲ್ಲಿ ಮಾಡಿದ 36 ಆರ್ಡರ್‌ಗೆ ಹತ್ತತ್ತು ರೂಪಾಯಿ ಬೋನಸ್, 360. 80 ಆರ್ಡರ್ ಮುಗಿಸಿದ್ದಕ್ಕೆ ಇನ್ಸೆಂಟಿವ್ 700. ಒಟ್ಟು 4,252. ಅವನು ಹೇಳಿದ್ದು ಸುಳ್ಳಲ್ಲ.

ಆದರೆ ಸ್ಕೂಟರ್ ಮೀಟರ್ ಪ್ರಕಾರ ಆ ವಾರ ಓಡಿದ್ದು 560 ಕಿ.ಮೀ. ಈ ಏರು ತಗ್ಗಿನಲ್ಲಿ ಅವನ ಸ್ಕೂಟರ್ ಲೀಟರಿಗೆ 40 ಕೊಟ್ಟರೆ ಹೆಚ್ಚು. ಹದಿನಾಲ್ಕು ಲೀಟರ್ ಪೆಟ್ರೋಲ್, ಲೀಟರಿಗೆ 103 ರೂಪಾಯಿ ಅಂದರೂ 1,442 ಆಯಿತು. ಇನ್ನು ಸವೆತ. ಆಯಿಲ್, ಟೈರ್, ಬೆಲ್ಟ್, ಬ್ರೇಕ್ ಶೂ, ಇನ್ಶೂರೆನ್ಸ್ ಎಲ್ಲಾ ಸೇರಿ ಕಿಲೋಮೀಟರಿಗೆ ಒಂದು ರೂಪಾಯಿ ಹಿಡಿದೆವು. ನಮ್ಮೂರಿಗೆ ಇದು ಕಮ್ಮಿಯೇ. ಗೇರ್ ಇಲ್ಲದ ಸ್ಕೂಟರ್ ಇಳಿಜಾರಿನಲ್ಲಿ ಹೆಚ್ಚಾಗಿ ಬ್ರೇಕ್ ಮೇಲೇ ನಿಲ್ಲಬೇಕು. ಮಳೆಗಾಲದಲ್ಲಿ ಕೆಸರು, ಮರಳು ಡ್ರಮ್ ಒಳಗೆ ಸೇರಿ ಶೂ ಬೇಗ ತೇಯುತ್ತದೆ. ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಬಂದರೆ, ಕಿರ್ ಅಂತ ಸದ್ದು ಬಂದರೆ, ಮುಂದಿನ ವಾರದ ದುಡ್ಡಿಗೆ ಕಾಯಬೇಡಿ, ಅವತ್ತೇ ತೋರಿಸಿ.

ಅಲ್ಲಿಗೆ 560 ರೂಪಾಯಿ ಸವೆತಕ್ಕೆ ಹೋಯಿತು. ಕೈಯಲ್ಲಿ ಉಳಿದದ್ದು 2,250. ದಿನಕ್ಕೆ ಒಂಬತ್ತು ಗಂಟೆ ಲಾಗಿನ್ ಇದ್ದ. ಗಂಟೆಗೆ 42 ರೂಪಾಯಿಯೂ ಬೀಳಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ್ಯಪ್ ದುಡ್ಡು ಕೊಟ್ಟ ದೂರ ಕೂಡಿಸಿದರೆ ಸುಮಾರು 290 ಕಿ.ಮೀ. ಮಾತ್ರ. ಉಳಿದ 270 ಕಿ.ಮೀ. ಪೇಟೆಗೆ ವಾಪಸ್ ಬಂದದ್ದು, ಮನೆಯಿಂದ ಹೋಗಿ ಬಂದದ್ದು. ಅಷ್ಟಕ್ಕೂ ಪೆಟ್ರೋಲ್, ಸವೆತ ಸೇರಿ ಹತ್ತಿರ ಹತ್ತಿರ 970 ರೂಪಾಯಿ ಅವನ ಜೇಬಿನದು. ಇನ್ಸೆಂಟಿವ್ ಅಂತ ಬಂದ 700 ಅದಕ್ಕೇ ಸಾಲಲಿಲ್ಲ.

ದೊಡ್ಡ ಊರಿನಲ್ಲಿ ಆರ್ಡರ್ ಕೊಟ್ಟ ಜಾಗದ ಪಕ್ಕದಲ್ಲೇ ಇನ್ನೊಂದು ಹೋಟೆಲಿನಿಂದ ಆರ್ಡರ್ ಸಿಗಬಹುದು. ಇಲ್ಲಿ ಹಾಗಲ್ಲ. ಮೇಕೇರಿ ಕಡೆಯ ಹೋಂಸ್ಟೇಗೆ ರಾತ್ರಿ ಬಿರಿಯಾನಿ ಕೊಟ್ಟರೆ ಅಲ್ಲಿಂದ ತರಲು ಏನೂ ಇರುವುದಿಲ್ಲ. ಮಂಜಿನಲ್ಲಿ ಏರು ಹತ್ತಿ ಸುಮ್ನೆ ವಾಪಸ್ ಬರಬೇಕು. ಅವನಿಗೆ ಅಂಥ ಒಂದು ಆರ್ಡರ್‌ಗೆ ಬೋನಸ್ ಸೇರಿ 62 ರೂಪಾಯಿ ಬಂತು. ಹೋಗಿ ಬರಲು 11 ಕಿ.ಮೀ., ಖರ್ಚು 39. ಗೇಟ್ ಹುಡುಕಿ, ಫೋನ್ ಮಾಡಿ, ಕಾದು ಮುಕ್ಕಾಲು ಗಂಟೆ ಹೋಯಿತು. ಉಳಿದದ್ದು 23. ಅದೇ ಮಹದೇವಪೇಟೆಯೊಳಗಿನ 28 ರೂಪಾಯಿಯ ಆರ್ಡರ್‌ಗೆ ಹೋಗಿ ಬಂದರೂ ಮೂರು ಕಿಲೋಮೀಟರ್. ಖರ್ಚು 11 ಕಳೆದು 17 ಉಳಿಯುತ್ತದೆ, ಇಪ್ಪತ್ತು ನಿಮಿಷದಲ್ಲಿ. ಗಂಟೆಯ ಲೆಕ್ಕ ಹಾಕಿದರೆ ದುಡ್ಡು ಜಾಸ್ತಿ ಕಾಣುವ ಆರ್ಡರೇ ಕಮ್ಮಿ ದುಡಿಸಿತು.

ಹಾಗಾದರೆ ದೂರದ್ದು ಬೇಡ ಅನ್ನಬಹುದಲ್ವಾ? ಆಗುವುದಿಲ್ಲ. ಇಷ್ಟು ಆರ್ಡರ್ ತಿರಸ್ಕರಿಸಿದರೆ, ಪೀಕ್ ಅವರ್‌ನಲ್ಲಿ ಆಫ್‌ಲೈನ್ ಆದರೆ ಇನ್ಸೆಂಟಿವ್ ಇಲ್ಲ ಅನ್ನುವ ಷರತ್ತು ಇದೆ. ಈ ಹುಡುಗನಿಗೆ 60 ಆರ್ಡರ್‌ಗೇ 400 ಸಿಗುತ್ತಿತ್ತು, 80ಕ್ಕೆ 700. ಅಂದರೆ ಕೊನೆಯ 20 ಆರ್ಡರ್‌ಗೆ ಹೆಚ್ಚಿಗೆ ಸಿಕ್ಕಿದ ಇನ್ಸೆಂಟಿವ್ ಬರೀ 300, ಒಂದಕ್ಕೆ 15 ರೂಪಾಯಿ. ಅದಕ್ಕಾಗಿ ಭಾನುವಾರ ರಾತ್ರಿ ಬಂದ ಆರ್ಡರ್ ಎಲ್ಲಾ ಹಿಡಿದ. ವೀಕೆಂಡ್‌ನಲ್ಲಿ ಟೂರಿಸ್ಟ್‌ಗಳು ತುಂಬಿ ರಾಜಾಸೀಟ್ ಸುತ್ತ ಆರ್ಡರ್ ಮೇಲೆ ಆರ್ಡರ್ ಬರುವಾಗ ಈ ಗುರಿ ಮುಟ್ಟಲು ಕಷ್ಟವಿಲ್ಲ. ಜೋರು ಮಳೆಯ ವಾರದಲ್ಲಿ 60 ದಾಟಿದ ಮೇಲೆ ಅದರ ಹಿಂದೆ ಓಡುವುದು ನನ್ನ ಪ್ರಕಾರ ನಷ್ಟವೇ.

2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ನಮಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಗಳು ಕ್ಷೇಮನಿಧಿಗೆ ಕಟ್ಟಬೇಕು. ಒಳ್ಳೆಯ ಕೆಲಸ, ಬೇಕಾಗಿದ್ದದ್ದೇ. ಆದರೆ ನಿಧಿಯಿಂದ ಮೇಕೇರಿ ಏರಿನ ಪೆಟ್ರೋಲ್ ಹುಟ್ಟುವುದಿಲ್ಲ. ನಮಗೆ ಬೇಕಿರುವುದು ವಾಪಸ್ ದಾರಿಗೆ ದುಡ್ಡು. ಪೇಟೆಯಿಂದ ಮೂರು ಕಿಲೋಮೀಟರ್ ಆಚೆ ಹೋದ ಪ್ರತಿ ಆರ್ಡರ್‌ಗೂ ಮರಳುವ ದೂರದ ರೇಟ್ ಬೇರೆಯಾಗಿ ಸೇರಿಸಬೇಕು.

ಇದನ್ನು ಕೇಳುವಾಗ ಬರೀ ಬಾಯಿಮಾತು ನಡೆಯುವುದಿಲ್ಲ. ಸೋಮವಾರ ಬೆಳಿಗ್ಗೆ ಮತ್ತು ಭಾನುವಾರ ರಾತ್ರಿ ಮೀಟರಿನ ಫೋಟೋ ತೆಗೆದಿಡಿ. ಅದರ ಜೊತೆ ವಾರದ ಪೇಔಟ್ ಸ್ಕ್ರೀನ್‌ಶಾಟ್ ಇರಲಿ. ಕುಶಾಲನಗರ, ವಿರಾಜಪೇಟೆಯಲ್ಲಿ ಓಡಿಸುವವರೂ ಕಾಮೆಂಟ್‌ನಲ್ಲಿ ನಿಮ್ಮ ಎರಡು ಸಂಖ್ಯೆ ಹಾಕಿ, ಆ್ಯಪ್‌ನ ಕಿಲೋಮೀಟರ್ ಎಷ್ಟು, ಮೀಟರಿನದ್ದು ಎಷ್ಟು. ಒಟ್ಟು ಮಾಡಿ ಮನವಿ ಬರೆಯುವ ಕೆಲಸ ನಾನು ಮಾಡುತ್ತೇನೆ.