ನಲವತ್ತೆಂಟು ಬೈಟುಗಳ ಲೆಕ್ಕ: ಎಟಿಎಂ ಸೆಲ್ ಅಷ್ಟು ಚಿಕ್ಕದಾದದ್ದೇಕೆ

ಎಟಿಎಂ ಎಂದೊಡನೆ (ಹಣ ಕೊಡುವ ಯಂತ್ರವಲ್ಲ, ದೂರಸಂಪರ್ಕ ಜಾಲಗಳ ಅಸಿಂಕ್ರನಸ್ ಟ್ರಾನ್ಸ್‌ಫರ್ ಮೋಡ್) ಜಾಲ ತಂತ್ರಜ್ಞಾನ ಓದಿದವರಿಗೆ ಮೊದಲು ನೆನಪಾಗುವುದು 53 ಎಂಬ ಸಂಖ್ಯೆ. 5 ಬೈಟಿನ ಹೆಡರ್, 48 ಬೈಟಿನ ಸರಕು; ಧ್ವನಿಯಾಗಲಿ ಡೇಟಾವಾಗಲಿ ಎಟಿಎಂ ಎಲ್ಲವನ್ನೂ ಕತ್ತರಿಸಿ ತುಂಬಿ ಕಳಿಸುವ ಒಂದು ಸೆಲ್ ಎಂದರೆ ಇಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಮೆರಿಕದವರು 64 ಕೇಳಿದರು, ಯುರೋಪಿನವರು 32 ಕೇಳಿದರು, ಕೊನೆಗೆ ಎರಡನ್ನೂ ಕೂಡಿಸಿ ಅರ್ಧ ಮಾಡಿದರು ಎಂದು ಹೇಳಿ ನಗುವುದು ನಮ್ಮ ಕ್ಷೇತ್ರದ ರೂಢಿ. 1989ರಲ್ಲಿ ಸಿಸಿಐಟಿಟಿ, ಅಂದರೆ ಇಂದಿನ ಐಟಿಯುವಿನ ಅಂದಿನ ದೂರಸಂಪರ್ಕ ಸಮಿತಿಯಲ್ಲಿ, ನಡೆದದ್ದು ಹೆಚ್ಚುಕಡಿಮೆ ಅದೇ. ಆದರೆ ಆ ಸರಾಸರಿಯ ಕಥೆಯಲ್ಲಿಯೇ ನಿಂತುಬಿಟ್ಟರೆ, 32 ಮತ್ತು 64 ಎರಡರ ಹಿಂದೆಯೂ ಇದ್ದ ಗಟ್ಟಿಯಾದ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ಎಟಿಎಂ ನಿಜವಾಗಿ ಎಡವಿದ ಜಾಗವೂ ಕಾಣುವುದಿಲ್ಲ. ಅದು 48 ಎಂಬ ಸಂಖ್ಯೆಯಲ್ಲಿ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೆಕ್ಕವನ್ನು ದೂರವಾಣಿಯಿಂದಲೇ ಆರಂಭಿಸಬೇಕು. ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು ಒಂದು ಬೈಟಾಗಿ ಬರೆಯುತ್ತಾರೆ. ಹಾಗಾಗಿ ಒಂದು ಬೈಟಿಗೂ ಮುಂದಿನ ಬೈಟಿಗೂ ನಡುವೆ 125 ಮೈಕ್ರೋಸೆಕೆಂಡುಗಳ ಅಂತರವಿರುತ್ತದೆ. ಹಳೆಯ ಪದ್ಧತಿಯಲ್ಲಿ ಆ ಬೈಟು ಹುಟ್ಟಿದೊಡನೆ ತನಗೆ ಮೀಸಲಾದ ಸಮಯದ ಕಿಂಡಿಯಲ್ಲಿ ಹೊರಟುಬಿಡುತ್ತಿತ್ತು. ಸೆಲ್ ಪದ್ಧತಿಯಲ್ಲಿ ಅದು ಹಾಗೆ ಹೊರಡುವಂತಿಲ್ಲ, ಸೆಲ್ ತುಂಬುವವರೆಗೆ ಕಾಯಬೇಕು. 32 ಬೈಟಿನ ಸೆಲ್ ತುಂಬಲು 4 ಮಿಲಿಸೆಕೆಂಡು, 48ಕ್ಕೆ 6, 64ಕ್ಕೆ 8 ಬೇಕು. ಇಲ್ಲಿ ಗಮನಿಸಬೇಕಾದದ್ದು, ಈ ಕಾಯುವಿಕೆಗೂ ತಂತಿಯ ವೇಗಕ್ಕೂ ಸಂಬಂಧವೇ ಇಲ್ಲ ಎಂಬುದು. ಹೊರಗೆ ಎಷ್ಟೇ ವೇಗದ ಫೈಬರ್ ಇರಲಿ, ಮಾತನಾಡುವವನ ಬಾಯಿಂದ ಬೈಟುಗಳು ಬರುವುದು ಅದೇ ನಿಧಾನದಲ್ಲಿ.

ನಾಲ್ಕು ಮಿಲಿಸೆಕೆಂಡಿಗೋ ಎಂಟು ಮಿಲಿಸೆಕೆಂಡಿಗೋ ಇಷ್ಟೊಂದು ಜಗಳವೇಕೆ ಎಂದು ಯಾರಿಗಾದರೂ ಅನ್ನಿಸಬಹುದು, ಏಕೆಂದರೆ ಅಷ್ಟು ತಡವನ್ನು ಮನುಷ್ಯನ ಕಿವಿ ಗುರುತಿಸಲಾರದು. ಜಗಳ ಇದ್ದದ್ದು ಪ್ರತಿಧ್ವನಿಯ ಬಗ್ಗೆ. ಮನೆಯ ಫೋನಿಗೆ ಬರುವುದು ಎರಡೇ ತಂತಿ. ಮಾತು ಹೋಗುವುದೂ ಬರುವುದೂ ಅದರಲ್ಲೇ. ಎಕ್ಸ್‌ಚೇಂಜಿನಿಂದ ಆಚೆಗೆ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಈ ಎರಡನ್ನೂ ಜೋಡಿಸುವ ಹೈಬ್ರಿಡ್ ಎಂಬ ಸರ್ಕ್ಯೂಟ್ ಪ್ರತಿಯೊಂದು ಮನೆಯ ತಂತಿಗೂ ಕರಾರುವಾಕ್ಕಾಗಿ ಹೊಂದುವುದಿಲ್ಲ, ಆದ್ದರಿಂದ ನಾವು ಆಡಿದ ಮಾತಿನ ಸ್ವಲ್ಪ ಭಾಗ ಆ ಕಡೆಯ ಹೈಬ್ರಿಡ್‌ನಿಂದ ಸೋರಿ ನಮ್ಮ ಕಿವಿಗೇ ವಾಪಸು ಬರುತ್ತದೆ. ಅದು ಬೇಗ ಬಂದರೆ ನಮ್ಮ ಸ್ವಂತ ದನಿಯೊಳಗೇ ಕರಗಿಹೋಗುತ್ತದೆ. ತಡವಾಗಿ ಬಂದರೆ ಬೇರೆಯಾಗಿ ಕೇಳಿಸಿ ಮಾತು ತಡವರಿಸುವಂತೆ ಮಾಡುತ್ತದೆ. ಒಂದು ದಿಕ್ಕಿನ ವಿಳಂಬ ಸುಮಾರು 25 ಮಿಲಿಸೆಕೆಂಡು ದಾಟಿದರೆ ಪ್ರತಿಧ್ವನಿಯನ್ನು ಅಳಿಸುವ ಎಕೋ ಕ್ಯಾನ್ಸಲರ್ ಹಾಕಬೇಕು ಎಂಬುದು ದೂರವಾಣಿ ಎಂಜಿನಿಯರುಗಳ ಕೈಯಲ್ಲಿದ್ದ ನಿಯಮ. ಅಂದಿನ ದಿನಗಳಲ್ಲಿ ಅದು ಅಗ್ಗದ ವಸ್ತುವಾಗಿರಲಿಲ್ಲ.

ಭೂಗೋಳವು ಈ ಚರ್ಚೆಯೊಳಗೆ ಬರುವುದು ಇಲ್ಲಿಯೇ. ಫೈಬರಿನಲ್ಲಿ ಸಂಕೇತವು ಒಂದು ಕಿಲೋಮೀಟರ್ ಸಾಗಲು ಸುಮಾರು 5 ಮೈಕ್ರೋಸೆಕೆಂಡು ಬೇಕು. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿರುವುದರಿಂದ, ದಾರಿಯೊಂದೇ 20 ಮಿಲಿಸೆಕೆಂಡಿಗೂ ಹೆಚ್ಚು ತಿಂದುಬಿಡುತ್ತಿತ್ತು. ಆದ್ದರಿಂದ ಅವರ ದೂರದ ಕರೆಗಳಿಗೆ ಪ್ರತಿಧ್ವನಿ ನಿಯಂತ್ರಣ ಮೊದಲೇ ಬಂದಿತ್ತು, ಇನ್ನು ಕೆಲವು ಮಿಲಿಸೆಕೆಂಡು ಸೇರಿದರೆ ಅವರಿಗೆ ಹೊಸ ಖರ್ಚಿರಲಿಲ್ಲ. ಫ್ರಾನ್ಸಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಸಾವಿರ ಕಿಲೋಮೀಟರ್, ಅಂದರೆ 5 ಮಿಲಿಸೆಕೆಂಡು. ದೇಶದೊಳಗಿನ ಕರೆಗಳು ಎಕೋ ಕ್ಯಾನ್ಸಲರ್ ಇಲ್ಲದೆಯೇ ಸರಾಗವಾಗಿ ನಡೆಯುತ್ತಿದ್ದವು. ಆ ನೆಮ್ಮದಿಯನ್ನು ಸೆಲ್‌ಗಾಗಿ ಕಳೆದುಕೊಳ್ಳಲು ಅವರು ಸಿದ್ಧರಿರಲಿಲ್ಲ. ಬ್ರಿಟನಿ ಪ್ರಾಂತದ ಲಾನಿಯೋನ್‌ನಲ್ಲಿದ್ದ ಫ್ರೆಂಚ್ ಸಂಶೋಧನಾಲಯ ಸಿಎನ್‌ಇಟಿ ಕಟ್ಟಿದ ಪ್ರೆಲ್ಯೂಡ್ ಎಂಬ ಪ್ರಯೋಗದಲ್ಲಿ ಸೆಲ್ಲಿನ ಸರಕು ಬರೀ 15 ಬೈಟು, ಹೆಡರ್ 1 ಬೈಟು. ಅಲ್ಲಿಂದ ಹೊರಟವರಿಗೆ 32 ಎಂಬುದೇ ದೊಡ್ಡ ರಿಯಾಯಿತಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೂ 5ಕ್ಕೆ 8 ಸೇರಿಸಿದರೆ 13 ತಾನೆ, 25ರ ಮಿತಿ ಇನ್ನೂ ದೂರವಿದೆಯಲ್ಲ ಎಂಬ ಪ್ರಶ್ನೆ ಏಳುತ್ತದೆ. ಇಡೀ ದೇಶದ ಜಾಲ ಒಂದೇ ರಾತ್ರಿ ಎಟಿಎಂ ಆಗುವುದಿದ್ದರೆ ಆ ವಾದ ಸರಿ. ವಾಸ್ತವದಲ್ಲಿ ಹಳೆಯ ಜಾಲದ ನಡುವೆ ಅಲ್ಲೊಂದು ಇಲ್ಲೊಂದು ಎಟಿಎಂ ದ್ವೀಪ ಹುಟ್ಟಿಕೊಳ್ಳುತ್ತದೆ. ಒಂದು ಕರೆ ಒಂದು ದ್ವೀಪವನ್ನು ಹೊಕ್ಕು, ಹೊರಬಂದು ಹಳೆಯ ಜಾಲದಲ್ಲಿ ಸ್ವಲ್ಪ ದೂರ ಸಾಗಿ, ಮತ್ತೊಂದು ದ್ವೀಪವನ್ನು ಹೊಗುತ್ತದೆ. ಪ್ರತಿ ಪ್ರವೇಶದಲ್ಲೂ ಸೆಲ್ ಹೊಸದಾಗಿ ತುಂಬಬೇಕು. ಇಂಥ ಮೂರು ದ್ವೀಪ ದಾಟುವ ಕರೆಯನ್ನು ತೆಗೆದುಕೊಳ್ಳಿ. 64 ಬೈಟಿನ ಸೆಲ್ಲಾದರೆ ತುಂಬುವುದಕ್ಕೇ 24 ಮಿಲಿಸೆಕೆಂಡು, ದಾರಿಯ 5 ಸೇರಿದರೆ 29, ಮಿತಿ ದಾಟಿತು. 48 ಆದರೆ 18 ಮತ್ತು 5, ಒಟ್ಟು 23. ಮಿತಿಯ ಒಳಗಿದೆ, ಆದರೆ ಅಂಚಿನಲ್ಲಿದೆ. ಪ್ರತಿ ದ್ವೀಪದ ಹೊರಬಾಗಿಲಲ್ಲಿ ಸೆಲ್‌ಗಳ ಏರುಪೇರನ್ನು ಸರಿದೂಗಿಸಲು ಇಡುವ ಬಫರ್ ಒಂದೊಂದು ಮಿಲಿಸೆಕೆಂಡು ತೆಗೆದುಕೊಂಡರೆ ಅದೂ 26 ಆಗಿಬಿಡುತ್ತದೆ. 32 ಆದರೆ 12 ಮತ್ತು 5, ಒಟ್ಟು 17. ಬಫರ್ ಸೇರಿದರೂ 20ರಲ್ಲಿ ನಿಲ್ಲುತ್ತದೆ. ಈ ಲೆಕ್ಕವನ್ನು ಮಾಡಿ ನೋಡಿದವನಿಗೆ 32 ಎಂಬುದು ಹಟವಾಗಿ ಕಾಣುವುದಿಲ್ಲ.

64ರ ಪರವಾಗಿದ್ದ ಲೆಕ್ಕವೂ ಅಷ್ಟೇ ನೇರವಾಗಿತ್ತು. ಹೆಡರ್ 5 ಬೈಟೇ ಇರುವಾಗ, 32ರ ಸೆಲ್ಲಿನಲ್ಲಿ ತಂತಿಯ ಶೇಕಡಾ 13.5ರಷ್ಟು ಹೆಡರಿಗೇ ಹೋಗುತ್ತದೆ, 64ರಲ್ಲಿ ಶೇಕಡಾ 7.2 ಮಾತ್ರ. 48ರಲ್ಲಿ ಅದು 9.4. ದೊಡ್ಡ ಸೆಲ್ಲಾದರೆ ಸ್ವಿಚ್ಚಿಗೆ ಪ್ರತಿ ಹೆಡರನ್ನು ನೋಡಿ ದಾರಿ ಆರಿಸಲು ಸ್ವಲ್ಪ ಹೆಚ್ಚು ಸಮಯವೂ ಸಿಗುತ್ತದೆ.

ಇದುವರೆಗಿನದು ಸೆಲ್ ಚಿಕ್ಕದಾಗಿರಲು ಕಾರಣ. ಎಲ್ಲ ಸೆಲ್‌ಗಳೂ ಒಂದೇ ಅಳತೆಯವಾಗಿರಲು ಕಾರಣ ಬೇರೆ, ಮತ್ತು ಈ ಎರಡನ್ನೂ ಬೆರೆಸಿ ಹೇಳುವುದರಿಂದಲೇ ಸಾಕಷ್ಟು ಗೊಂದಲ ಹುಟ್ಟಿದೆ. ಅಳತೆ ಒಂದೇ ಆದಾಗ ಸ್ವಿಚ್ಚಿನ ಎಲ್ಲ ಬಾಗಿಲುಗಳೂ ಒಂದೇ ತಾಳಕ್ಕೆ ತೆರೆದು ಮುಚ್ಚಬಹುದು, ಉದ್ದವನ್ನು ಓದಿ ನಿರ್ಧರಿಸುವ ಕೆಲಸವನ್ನು ಹಾರ್ಡ್‌ವೇರ್ ಮಾಡಬೇಕಿಲ್ಲ. ಅದಕ್ಕಿಂತ ಮುಖ್ಯವಾದದ್ದು ಸರದಿಯಲ್ಲಿ ಕಾಯುವ ವಿಳಂಬ. ಸೆಕೆಂಡಿಗೆ 2.048 ಮೆಗಾಬಿಟ್‌ನ ತಂತಿಯಲ್ಲಿ 1,500 ಬೈಟಿನ ಒಂದು ಡೇಟಾ ಪ್ಯಾಕೆಟ್ ಹೊರಟುಬಿಟ್ಟರೆ, ಅದು ಪೂರ್ತಿ ಹೋಗಲು ಸುಮಾರು 5.9 ಮಿಲಿಸೆಕೆಂಡು ಬೇಕು. ಅಷ್ಟೂ ಹೊತ್ತು ಹಿಂದಿನ ಧ್ವನಿಯ ಪ್ಯಾಕೆಟ್, ಗೂಡ್ಸ್ ರೈಲು ಹೋಗುವವರೆಗೆ ಗೇಟಿನಲ್ಲಿ ನಿಂತ ಸೈಕಲ್ಲಿನಂತೆ, ನಿಂತಿರಬೇಕು. ಅದೇ ತಂತಿಯಲ್ಲಿ 53 ಬೈಟಿನ ಸೆಲ್ ಹೋಗಲು ಬೇಕಾದದ್ದು 0.2 ಮಿಲಿಸೆಕೆಂಡು. ಡೇಟಾವನ್ನು ಸೆಲ್‌ಗಳಾಗಿ ಕತ್ತರಿಸಿಟ್ಟರೆ, ಧ್ವನಿಗೆ ಆದ್ಯತೆ ಕೊಟ್ಟ ಸ್ವಿಚ್ಚು ಹೋಗುತ್ತಿರುವ ಒಂದು ಸೆಲ್ ಮುಗಿದೊಡನೆ ಅದನ್ನು ಮುಂದೆ ಬಿಡಬಹುದು.

ನನ್ನ ಮುಖ್ಯ ಮಾತು ಇಲ್ಲಿದೆ. ತುಂಬುವ ವಿಳಂಬ ಧ್ವನಿಯ ಬೈಟುಗಳು ಹುಟ್ಟುವ ವೇಗವನ್ನು ಅವಲಂಬಿಸಿದೆ, ಸರದಿಯ ವಿಳಂಬ ತಂತಿಯ ವೇಗವನ್ನು. ತಂತಿ ವೇಗವಾದಷ್ಟೂ ಎರಡನೆಯದು ತಾನಾಗಿಯೇ ಕರಗುತ್ತದೆ. ಎಟಿಎಂಗೆಂದೇ ಗುರುತಿಸಿದ ಸೆಕೆಂಡಿಗೆ 155.52 ಮೆಗಾಬಿಟ್‌ನ ತಂತಿಯಲ್ಲಿಯೇ ಆ 1,500 ಬೈಟು ಸಾಗಲು 77 ಮೈಕ್ರೋಸೆಕೆಂಡು ಸಾಕು. 10 ಗಿಗಾಬಿಟ್‌ನಲ್ಲಿ 1.2 ಮೈಕ್ರೋಸೆಕೆಂಡು. ಅಂದರೆ ಡೇಟಾವನ್ನು ಕತ್ತರಿಸಬೇಕೆಂಬ ವಾದವು ಎಟಿಎಂ ಯಾವ ವೇಗಕ್ಕಾಗಿ ರೂಪುಗೊಂಡಿತೋ ಆ ವೇಗದಲ್ಲಿಯೇ ಬಲ ಕಳೆದುಕೊಂಡಿತ್ತು. ತುಂಬುವ ವಿಳಂಬ ಮಾತ್ರ ಉಳಿಯಿತು. ಆದರೆ ಅದನ್ನು ಕಡಿಮೆ ಮಾಡಲು ಧ್ವನಿಯ ಪ್ಯಾಕೆಟ್ ಚಿಕ್ಕದಾಗಿದ್ದರೆ ಸಾಕು, ಕಂಪ್ಯೂಟರಿನ ಕಡತವೂ ಅದೇ ಅಚ್ಚಿನಲ್ಲಿ ಹೋಗಬೇಕಾದ ಅಗತ್ಯವಿಲ್ಲ. ಧ್ವನಿಯ ಅಳತೆಯನ್ನು ಎಲ್ಲದರ ಅಳತೆಯಾಗಿ ಮಾಡಿದ್ದೇ ತಪ್ಪು. ಆ ಅಳತೆ 32 ಆಗಿದ್ದರೂ 64 ಆಗಿದ್ದರೂ ಈ ತಪ್ಪು ತಪ್ಪುತ್ತಿರಲಿಲ್ಲ.

ನಿಧಾನದ ತಂತಿಗಳಲ್ಲಾದರೂ ಸೆಲ್ ಉಪಯೋಗಕ್ಕೆ ಬರಬೇಕಿತ್ತು, ಮತ್ತು ಅಂಥ ತಂತಿ ನಮ್ಮ ಮನೆಗಳಿಗೂ ಬಂದಿತ್ತು. ತಾಮ್ರದ ಫೋನ್ ತಂತಿಯ ಮೇಲೆ ಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿದ್ದವರಿಗೆ ಮೋಡೆಮ್ಮಿನ ಪುಟದಲ್ಲಿ VPI ಎಂಬಲ್ಲಿ 0, VCI ಎಂಬಲ್ಲಿ 35 ಎಂದು ತುಂಬಿದ್ದು ನೆನಪಿರಬಹುದು. ಅವು ಎಟಿಎಂ ಸೆಲ್ಲಿನ ಹೆಡರಿನಲ್ಲಿರುವ ದಾರಿಯ ಗುರುತುಗಳೇ. ಸೆಕೆಂಡಿಗೆ 256 ಕಿಲೋಬಿಟ್‌ನ ಅಪ್‌ಲೋಡಿನಲ್ಲಿ 1,500 ಬೈಟಿನ ಪ್ಯಾಕೆಟ್ 47 ಮಿಲಿಸೆಕೆಂಡು ತಂತಿಯನ್ನು ಹಿಡಿದಿಡುತ್ತದೆ. ಒಂದು ಸೆಲ್ ಹೋಗಲು 1.7 ಸಾಕು. ಆದರೆ ನಾವು ತುಂಬಿದ್ದು ಒಂದೇ ಜೋಡಿ ಅಂಕೆ, ಅಂದರೆ ಒಂದೇ ದಾರಿ. ಡೇಟಾಕ್ಕೆ ಬಳಸುವ ಎಎಎಲ್5 ಪದ್ಧತಿಯಲ್ಲಿ ಒಂದು ದಾರಿಯೊಳಗೆ ಒಂದು ಪ್ಯಾಕೆಟ್ಟಿನ ಸೆಲ್‌ಗಳೆಲ್ಲ ಮುಗಿಯುವವರೆಗೆ ಇನ್ನೊಂದು ಪ್ಯಾಕೆಟ್ಟಿನ ಸೆಲ್ ನಡುವೆ ನುಸುಳುವಂತಿಲ್ಲ, ಏಕೆಂದರೆ ಯಾವ ಸೆಲ್ ಯಾವ ಪ್ಯಾಕೆಟ್ಟಿನದು ಎಂದು ಹೇಳುವ ಗುರುತು ಅದರಲ್ಲಿಲ್ಲ. ಕಡತ ಅಪ್‌ಲೋಡ್ ಆಗುತ್ತಿರುವಾಗ ಇಂಟರ್‌ನೆಟ್ ಕರೆ ಮಾಡಿದವರಿಗೆ ಸೆಲ್ ಇದ್ದೂ ಇಲ್ಲದಂತೆಯೇ ಆಗಿತ್ತು. ಹೆಡರಿನ ತೆರಿಗೆ ಮಾತ್ರ ತಪ್ಪಲಿಲ್ಲ: ಇಂಥ ಸಂಪರ್ಕಗಳಲ್ಲಿ ಬಳಸುತ್ತಿದ್ದ ಪಿಪಿಪಿಒಇ ಪದ್ಧತಿಯ ಮೂಲಕ ಹೋಗುವ 1,492 ಬೈಟಿನ ಐಪಿ ಪ್ಯಾಕೆಟ್ ಎಲ್ಲ ಹೊದಿಕೆಗಳನ್ನೂ ಸೇರಿಸಿಕೊಂಡು 32 ಸೆಲ್, ಅಂದರೆ ತಂತಿಯ ಮೇಲೆ 1,696 ಬೈಟು ಆಗುತ್ತಿತ್ತು.

ಧ್ವನಿಯ ಕಡೆಯಲ್ಲೂ 48ರ ಲೆಕ್ಕ ಬಹುಕಾಲ ನಿಲ್ಲಲಿಲ್ಲ. ಧ್ವನಿಯನ್ನು ಸೆಕೆಂಡಿಗೆ 8 ಕಿಲೋಬಿಟ್‌ಗೆ ಸಂಕುಚಿಸುವ ಕೋಡೆಕ್‌ಗಳು ಬಂದಾಗ, ಅದೇ 48 ಬೈಟು ತುಂಬಲು 6 ಮಿಲಿಸೆಕೆಂಡಿನ ಬದಲು 48 ಮಿಲಿಸೆಕೆಂಡು ಬೇಕಾಯಿತು. ಹಲವು ಕರೆಗಳ ಚೂರುಗಳನ್ನು ಒಂದೇ ಸೆಲ್ಲಿನೊಳಗೆ ಸೇರಿಸುವ ಎಎಎಲ್2 ಎಂಬ ಪದ್ಧತಿಯನ್ನು ಬಳಿಕ ರೂಪಿಸಬೇಕಾಯಿತು. ಅಂದರೆ ಚಿಕ್ಕ ಸೆಲ್ಲಿನೊಳಗೆ ಇನ್ನೂ ಚಿಕ್ಕ, ಆದರೆ ಉದ್ದ ಬದಲಾಗಬಲ್ಲ ಪ್ಯಾಕೆಟ್.

ಇನ್ನು 9.4 ಶೇಕಡಾ ಹೆಡರಿನ ಬಗ್ಗೆ ಎಟಿಎಂ ವಿರೋಧಿಗಳು ಮಾಡಿದ ಗೇಲಿಯನ್ನು ಇಂದಿನ ಇಂಟರ್‌ನೆಟ್ ಕರೆಯ ಪಕ್ಕದಲ್ಲಿಟ್ಟು ನೋಡಬೇಕು. ಸಂಕುಚಿಸದ ಧ್ವನಿಯನ್ನು ಅಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡು ಕೂಡಿಸಿ, 160 ಬೈಟಾಗಿ ಕಳಿಸುತ್ತಾರೆ. ಅದರ ಮೇಲೆ ಐಪಿ, ಯುಡಿಪಿ, ಆರ್‌ಟಿಪಿ ಹೆಡರ್‌ಗಳು ಸೇರಿ 40 ಬೈಟು. ಹೆಡರಿನ ಪಾಲು ಶೇಕಡಾ 20, ತುಂಬುವ ವಿಳಂಬ ಎಟಿಎಂನ ಮೂರು ಪಟ್ಟಿಗೂ ಹೆಚ್ಚು. ಪ್ರತಿಧ್ವನಿಯನ್ನು ಅಳಿಸುವ ಕೆಲಸ ಚಿಪ್ಪಿನೊಳಗೆ ಸೇರಿ ಅಗ್ಗವಾದದ್ದರಿಂದಲೇ ಇದನ್ನು ಎಲ್ಲರೂ ತಕರಾರಿಲ್ಲದೆ ಒಪ್ಪಿಕೊಂಡಿದ್ದಾರೆ. ಅದೇ ತಂತಿಯಲ್ಲಿ ಪಕ್ಕದಲ್ಲಿ ಹೋಗುವ ಕಡತದ ಪ್ಯಾಕೆಟ್ ಮಾತ್ರ ತನ್ನ 1,500 ಬೈಟಿನ ಉದ್ದದಲ್ಲೇ ಹೋಗುತ್ತದೆ, ಹೆಡರಿಗೆ ಶೇಕಡಾ 3ಕ್ಕಿಂತ ಕಡಿಮೆ ಕೊಟ್ಟು.